ಪ್ರಶ್ನೆಪದ ಎದ್ದು ಹೋದ ಜಾಗ

ವಾಕ್ಯರಚನೆಯ ಪಾಠದಲ್ಲಿ ಪ್ರತಿ ವರ್ಷ ಇದೇ ತಕರಾರು. ‘ಹೂ ಡು ಯು ವಾಂಟ್ ಟು ಹೆಲ್ಪ್?’ ಅನ್ನೋ ಇಂಗ್ಲಿಷ್ ವಾಕ್ಯ ಕೊಟ್ಟು, ‘ಹೂ’ ಎಲ್ಲಿಂದ ಎದ್ದು ಬಂತು ಅಂತ ಕೇಳುತ್ತೇನೆ. ಅರ್ಧ ಜನ ‘ಅದು ಮೊದಲಲ್ಲೇ ಇದೆಯಲ್ಲ ಸರ್’ ಅನ್ನುತ್ತಾರೆ. ಉಳಿದವರು ಯೋಚನೆಯೇ ಮಾಡದೆ ವಾಕ್ಯದ ಕೊನೆಯಲ್ಲಿ ಒಂದು ಗೆರೆ ಎಳೆದು ಸುಮ್ಮನಾಗುತ್ತಾರೆ.

ಸುಮ್ನೆ ಅದನ್ನೇ ಕನ್ನಡದಲ್ಲಿ ಹೇಳಿ ನೋಡಿ. ‘ನೀನು ಯಾರಿಗೆ ಸಹಾಯ ಮಾಡಬೇಕು ಅಂತಿದ್ದೀಯ?’ ಇದು ಒಂದು ಅರ್ಥ. ‘ಯಾರು ಸಹಾಯ ಮಾಡಬೇಕು ಅಂತ ನಿನ್ನ ಆಸೆ?’ ಇದು ಇನ್ನೊಂದು. ಕನ್ನಡದ ಪ್ರಶ್ನೆಪದ ಎದ್ದು ಮುಂದೆ ಹೋಗಲೇಬೇಕೆಂದಿಲ್ಲ. ತನ್ನ ಜಾಗದಲ್ಲೇ ಕೂತು, ವಿಭಕ್ತಿ ಸಮೇತ ತಾನು ಯಾರು ಅಂತ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದು ಎರಡೂ ಸಲ ಮುಂದೆ ಬರುತ್ತದೆ, ಎರಡು ವಾಕ್ಯ ಒಂದೇ ಥರ ಕಾಣುತ್ತವೆ. ಬಿಟ್ಟು ಬಂದ ಜಾಗ ಮಾತ್ರ ಬೇರೆ. ಮೊದಲನೆಯದರಲ್ಲಿ ಅದು ‘ಹೆಲ್ಪ್’ ಆದಮೇಲೆ, ಎರಡನೆಯದರಲ್ಲಿ ‘ವಾಂಟ್’ ಮತ್ತು ‘ಟು’ ನಡುವೆ. ಆ ಖಾಲಿ ಜಾಗಕ್ಕೇ ‘ಕುರುಹು’ ಅನ್ನುವುದು.

ಕಾಣದ್ದು ಇದೆ ಅಂತ ನಂಬುವುದು ಹೇಗೆ? ಮಾತಿನಲ್ಲಿ ‘ವಾಂಟ್ ಟು’ ಕೂಡಿ ‘ವಾನ್ನ’ ಆಗುತ್ತದಲ್ವಾ, ಅದನ್ನು ಹಾಕಿ ನೋಡಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಹೂ ಡು ಯು ವಾನ್ನ ಹೆಲ್ಪ್?’ ಅಂತ ನಾಲ್ಕು ಸಲ ಗೊಣಗಿ, ‘ಸರ್, ಎರಡನೇ ಅರ್ಥ ಎಲ್ಲೋ ಹೋಯ್ತು!’ ಅಂದಳು. ಹೌದು, ಹೋಗುತ್ತದೆ. ನಡುವೆ ಕುರುಹು ಕೂತಿದ್ದರೆ ಆ ಎರಡು ಪದ ಅಂಟಿಕೊಳ್ಳುವುದಿಲ್ಲ.

ಇಷ್ಟಕ್ಕೇ ಗೆದ್ದೆವು ಅನ್ನಬೇಡಿ. ಮೊದಲ ಅರ್ಥದಲ್ಲೂ ಅದೇ ಜಾಗದಲ್ಲಿ ಸಹಾಯ ಮಾಡುವ ‘ನೀನು’ ಕೇಳಿಸದೆ ಕೂತಿದೆ, ಅದು ಯಾಕೆ ಅಡ್ಡ ಬರಲಿಲ್ಲ ಅಂತ ಜಾಣರು ಕೇಳುತ್ತಾರೆ. ಅದಕ್ಕೆ ಹಲವು ಉತ್ತರಗಳಿವೆ, ಜಗಳ ಮುಗಿದಿಲ್ಲ. ಈ ಕುರುಹಿನ ಮಾತು ತಂದ ಭಾಷಾವಿಜ್ಞಾನಿ ಚಾಮ್‌ಸ್ಕಿಯವರೇ 1990ರ ದಶಕದಲ್ಲಿ ಕುರುಹನ್ನು ಬಿಟ್ಟು, ಅಲ್ಲಿರುವುದು ಎದ್ದು ಹೋದ ಪದದ್ದೇ ಉಚ್ಚರಿಸದ ನಕಲು ಅಂದರು.

ಹಾಗಾದರೆ ಪ್ರಶ್ನೆಪದ ಹೀಗೆ ಎದ್ದು ಮುಂದೆ ಹೋಗುವ ಚಲನೆಯೇ ಕನ್ನಡದಲ್ಲಿ ಇಲ್ವಾ? ಇಲ್ಲ ಅಂತ ಬರೆದುಬಿಡುವವರೇ ಜಾಸ್ತಿ. ‘ಯಾರು ಬಂದರು ಅಂತ ರವಿ ಹೇಳಿದ’ ತಗೊಳ್ಳಿ. ಬಂದವರ ಹೆಸರು ರವಿ ತಿಳಿಸಿದ ಅನ್ನುವ ಹೇಳಿಕೆ ಇದು. ಧಾಟಿ ಬದಲಿಸಿದರೆ, ರವಿ ಯಾರ ಹೆಸರು ಹೇಳಿದ ಅಂತ ನಿಮ್ಮನ್ನೇ ಕೇಳುವ ಪ್ರಶ್ನೆ. ‘ಯಾರು’ ಕೂತ ಜಾಗ ಒಂದೇ, ಅದರ ಹಿಡಿತ ಒಮ್ಮೆ ಒಳವಾಕ್ಯಕ್ಕೆ, ಒಮ್ಮೆ ಇಡೀ ವಾಕ್ಯಕ್ಕೆ. ಚೀನೀ ಭಾಷೆಯ ಇಂಥ ವಾಕ್ಯಗಳನ್ನು ಹಿಡಿದೇ ಭಾಷಾವಿಜ್ಞಾನಿ ಜೇಮ್ಸ್ ಹುವಾಂಗ್ 1982ರಲ್ಲಿ, ಪದ ಕೂತಲ್ಲೇ ಇದ್ದರೂ ಅರ್ಥದ ಮಟ್ಟದಲ್ಲಿ ಮುಂದೆ ಹೋಗುತ್ತದೆ ಎಂದು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ‘ಯಾರು ಬರೆದ ಪುಸ್ತಕ ನಿನಗಿಷ್ಟ?’ ಅಂತ ನಾವು ಆರಾಮಾಗಿ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಅದೇ ‘ಹೂ’ವನ್ನು ‘ಬರೆದ’ ಅನ್ನುವ ಆ ಒಳವಾಕ್ಯದಿಂದ ಎಳೆದು ಮುಂದಿಟ್ಟರೆ ವಾಕ್ಯ ಕೆಡುತ್ತದೆ. ಕೇಳಿಸದ ಚಲನೆಯೂ ಚಲನೆಯೇ ಆಗಿದ್ದರೆ ನಮ್ಮದೂ ಕೆಡಬೇಕಿತ್ತಲ್ಲ?