ಹಾಲ್‌ನಲ್ಲಿರೋ ಅರೇಕಾ ಪಾಮ್ ಹಳದಿ ಆಗ್ತಿದ್ರೆ ಮೊದ್ಲು ಚೊಂಬು ಕೆಳಗಿಡಿ

ಮಳೆಗಾಲ ಮುಗಿಯೋ ಹೊತ್ತಿಗೆ ಚಿಕ್ಕಮಗಳೂರಲ್ಲಿ ನಮ್ಮಂಥ ಗಿಡದವರಿಗೆ ಬರೋ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು, ಅರೇಕಾ ಪಾಮ್ ಗರಿ ಹಳದಿ ಆಗ್ತಿದೆ, ತುದಿ ಸುಟ್ಟಂಗೆ ಕಂದು ಆಗ್ತಿದೆ, ದಿನಾ ನೀರು ಹಾಕಿದ್ರೂ ಒಣಗ್ತಿದೆ ಅಂತ. ಆ "ದಿನಾ"ದಲ್ಲೇ ಅರ್ಧ ಉತ್ತರ ಇದೆ. (ಇದು ನಮ್ಮ ತೋಟದ ಅಡಿಕೆ ಅಲ್ಲ, ಮಡಗಾಸ್ಕರ್ ಮೂಲದ ಬೇರೆ ಗಿಡ, ಅಡಿಕೆ ಲೆಕ್ಕದಲ್ಲಿ ಇದಕ್ಕೆ ಗೊಬ್ಬರ ಸುರಿಯೋಕೆ ಹೋಗ್ಬೇಡಿ.)

ಮೊನ್ನೆ ಒಂದು ಮನೆಗೆ ಹೋಗಿದ್ದೆ. ಗಿಡ ಸೋಫಾ ಹಿಂದಿನ ಮೂಲೇಲಿ, ಕಿಟಕಿಯಿಂದ ಹತ್ತು ಹನ್ನೆರಡು ಅಡಿ ದೂರ, ಕಿಟಕಿಗೆ ದಪ್ಪ ಕರ್ಟನ್, ಹೊರಗೆ ಕಾರ್ ಶೆಡ್ಡಿನ ಶೀಟು ಬೇರೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ನಿಂತು ಲೈಟ್ ಹಾಕದೆ ಪೇಪರ್ ಓದೋಕೆ ಟ್ರೈ ಮಾಡ್ದೆ, ಹೆಡ್‌ಲೈನ್ ಬಿಟ್ಟು ಏನೂ ಕಾಣಲ್ಲ. "ಸಾರ್, ದಿನಾ ಬೆಳಿಗ್ಗೆ ಒಂದು ಚೊಂಬು ತಪ್ಪಿಸಲ್ಲ, ಗೊಬ್ಬರಾನೂ ಹಾಕಿದೀನಿ" ಅಂದ್ರು ಮನೆಯಮ್ಮ. "ಕುಂಡ ಒಂದ್ಸಲ ಎತ್ತಿ ನೋಡೋಣ ಅಮ್ಮ" ಅಂದೆ.

ಹೊರಗಡೆ ಚೆಂದದ ಸೆರಾಮಿಕ್ ಕುಂಡ, ಅದಕ್ಕೆ ತೂತಿಲ್ಲ, ಒಳಗೆ ನರ್ಸರಿ ಕುಂಡ ಇಟ್ಟಿದ್ರು. ಒಳಗಿಂದು ಎತ್ತಿದ್ರೆ ತಳದಲ್ಲಿ ಎರಡು ಬೆರಳಷ್ಟು ನೀರು ನಿಂತಿದೆ, ಚರಂಡಿ ವಾಸನೆ. ಬೇರು ಬಿಳಿಯಾಗಿ ಗಟ್ಟಿಯಾಗಿ ಇರ್ಬೇಕಿತ್ತು, ಕೆಳಗಿನವೆಲ್ಲ ಕಂದಾಗಿ, ಹಿಡಿದು ಎಳೆದ್ರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳೀತು.

ಆಗಿರೋದು ಇಷ್ಟೆ. ಗಿಡ ನೀರು ಕುಡಿಯೋದು ಬೆಳಕಿನ ಲೆಕ್ಕದಲ್ಲಿ. ಶೇಡ್ ನೆಟ್ ಕೆಳಗೆ ಒಳ್ಳೆ ಬೆಳಕಲ್ಲಿ ಬೆಳೆದ ಗಿಡಾನ ಕತ್ತಲೆ ಮೂಲೆಗೆ ತಂದಿಟ್ರೆ ಅದರ ಬೆಳವಣಿಗೆ ಕುಗ್ಗತ್ತೆ, ನೀರು ಎಳೆಯೋದೂ ಕುಗ್ಗತ್ತೆ, ಆದ್ರೆ ನಮ್ಮ ಚೊಂಬು ಮಾತ್ರ ಅಷ್ಟೇ ಇರತ್ತೆ. ಮಣ್ಣು ಆರಲ್ಲ, ಬೇರಿಗೆ ಗಾಳಿ ಸಿಗಲ್ಲ, ಕೊಳೆಯತ್ತೆ. ಬೇರು ಸತ್ತ ಮೇಲೆ ನೀರಲ್ಲೇ ಕೂತಿದ್ರೂ ಗರಿ ತುದಿವರೆಗೆ ನೀರು ಹೋಗಲ್ಲ, ಅದಕ್ಕೇ ತುದಿ ಒಣಗಿ ಬಾಯಾರಿದಂಗೆ ಕಾಣತ್ತೆ, ನಾವು ಇನ್ನೊಂದು ಚೊಂಬು ಹಾಕ್ತೀವಿ.

ತುದಿಗೆ ಇನ್ನೊಂದು ಕಾರಣಾನೂ ಇತ್ತು, ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿತ್ತು, ಬೋರ್‌ವೆಲ್ ನೀರು ಪ್ಲಸ್ ರಾಸಾಯನಿಕ ಗೊಬ್ಬರದ ಉಪ್ಪು. ಅರೇಕಾಗೆ ಉಪ್ಪು ಆಗಿ ಬರಲ್ಲ. ಕೆಳಗಿನ ಒಂದೋ ಎರಡೋ ಹಳೇ ಗರಿ ನಿಧಾನಕ್ಕೆ ಹಳದಿ ಆದ್ರೆ ಅದು ವಯಸ್ಸು, ತಲೆ ಕೆಡಿಸ್ಕೋಬೇಡಿ. ಒಟ್ಟಿಗೆ ನಾಲ್ಕೈದು ಗರಿ ಹಳದಿ, ಮಣ್ಣೂ ಒದ್ದೆ ಅಂದ್ರೆ ಬೇರು ನೋಡಲೇಬೇಕು.

ಕೊಳೆತ ಬೇರು ಕತ್ತರಿಸಿ, ಗಟ್ಟಿ ಇರೋದು ಬಿಟ್ವಿ. ಕುಂಡ ದೊಡ್ಡದು ಮಾಡ್ಲಿಲ್ಲ, ದೊಡ್ಡ ಕುಂಡದ ಮಣ್ಣು ಇನ್ನೂ ನಿಧಾನ ಆರತ್ತೆ. ಕೆಂಪು ಮಣ್ಣು, ಕೋಕೋಪೀಟ್, ದಪ್ಪ ಮರಳು ಸಮಸಮ ಹಾಕಿ ಒಂದು ಹಿಡಿ ಎರೆಗೊಬ್ಬರ ಬೆರೆಸಿದ್ವಿ. ಗಿಡಾನ ಪೂರ್ವದ ಕಿಟಕಿಯಿಂದ ಮೂರಡಿಗೆ ತಂದು ತೆಳು ಕರ್ಟನ್ ಹಾಕಿದ್ವಿ. ಬೆಳಕು ಬೇಕು ಅಂತ ಸೀದಾ ಟೆರೇಸಿಗೆ ಇಟ್ರೆ ಬಿಸಿಲಿಗೆ ಗರಿ ಬೆಳ್ಳಗೆ ಸುಡತ್ತೆ. ಹಳದಿ ಗರಿ ಎಲ್ಲಾ ಒಂದೇ ಸಲ ಕತ್ತರಿಸ್ಬೇಡಿ, ಗಿಡ ಅದರಿಂದ ಪೊಟ್ಯಾಷ್ ಹೀರಿ ಹೊಸ ಗರಿಗೆ ಕೊಡ್ತಿರತ್ತೆ, ಪೂರ್ತಿ ಕಂದಾದ್ಮೇಲೆ ತೆಗೀರಿ.

ನೀರಿಗೆ ವಾರ, ದಿನ ಅಂತ ಲೆಕ್ಕ ಬೇಡ, ಬೆರಳು ಎರಡು ಇಂಚು ಒಳಗೆ ಚುಚ್ಚಿ, ಒಣಗಿದ್ರೆ ಮಾತ್ರ ತಳದಿಂದ ಹರಿಯೋವರೆಗೆ ಹಾಕಿ, ಹೊರ ಕುಂಡದಲ್ಲಿ ನಿಂತಿದ್ದು ಚೆಲ್ಲಿ. ಜುಲೈ ಮೋಡದಲ್ಲಿ ಹತ್ತು ದಿನಾನೂ ಒಣಗ್ದೇ ಇರ್ಬೋದು, ಮಾರ್ಚಲ್ಲಿ ನಾಲ್ಕು ದಿನಕ್ಕೇ ಕೇಳ್ಬೋದು. ಮಲೆನಾಡಲ್ಲಿದ್ದುಕೊಂಡು ಬೋರ್ ನೀರು ಯಾಕೆ ಹಾಕ್ತೀರೋ, ಮಾಡಿನ ನೀರು ಡ್ರಮ್ಮಲ್ಲಿ ಹಿಡಿದಿಡಿ. ಗೊಬ್ಬರ ಹೊಸ ಗರಿ ಬಿಡೋವರೆಗೂ ಬೇಡ.

ಕಂದಾದ ತುದಿ ಮತ್ತೆ ಹಸಿರಾಗಲ್ಲ, ಅದನ್ನ ನೋಡ್ತಾ ಕೂರ್ಬೇಡಿ. ಸುಳಿ ನೋಡಿ. ಒಂದೆರಡು ತಿಂಗಳಲ್ಲಿ ಸುಳಿ ಹಸಿರಾಗಿ ಮೇಲೇಳ್ತಿದ್ರೆ ಬೇರು ಹಿಡ್ಕೊಂಡಿದೆ. ಮೆಲ್ಲಗೆ ಎಳೆದಾಗ ಸುಳಿ ಬುಡದಿಂದ ಕಿತ್ತು ಕೈಗೆ ಬಂದ್ರೆ ಆ ಕಾಂಡ ಮುಗೀತು, ಅದಕ್ಕೆ ಇನ್ನೊಂದು ಸುಳಿ ಬರಲ್ಲ, ಬುಡಕ್ಕೆ ಕತ್ತರಿಸಿ ತೆಗೀರಿ, ಪಕ್ಕದ ಕಾಂಡಗಳ ಸುಳಿ ಗಟ್ಟಿ ಇದ್ರೆ ಹಿಂಡಿಲು ಉಳಿಯತ್ತೆ.