ಫೈರ್ ಡ್ರಿಲ್ ವಿಡಿಯೋದಲ್ಲಿ ಓಡುವ ಹುಡುಗ ಬೇಡ

ಏಪ್ರಿಲ್ 14 ಹತ್ತಿರ ಬಂತೆಂದರೆ ಮುಂಬಯಿಯ ಶಾಲೆಗಳಿಂದ ನನಗೆ ಫೈರ್ ಡ್ರಿಲ್ ವಿಡಿಯೋದ ಸ್ಕ್ರಿಪ್ಟ್‌ಗಳು ಬರಲು ಶುರು. 1944ರಲ್ಲಿ ಇಲ್ಲಿನ ಬಂದರಿನಲ್ಲಿ ಹಡಗು ಸ್ಫೋಟಿಸಿದ ದಿನವದು, ಈಗ ಅಗ್ನಿಶಾಮಕ ಸೇವಾ ದಿನ. ಸ್ಕ್ರಿಪ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಮೊದಲು ಬೆಂಕಿ, ಹೊಗೆ, ಚೀರಾಟ. ಒಬ್ಬ ಹುಡುಗ ಮೆಟ್ಟಿಲಲ್ಲಿ ಓಡಿ ಬೀಳುತ್ತಾನೆ, ಅವನ ಮೇಲೆ ಕೆಂಪು ಅಡ್ಡಗೆರೆ. ಸರಿಯಾದ ಕ್ರಮ ಬರುವುದು ಆಮೇಲೆ.

ದಯವಿಟ್ಟು ಆ ಹುಡುಗನನ್ನು ತೆಗೆದುಬಿಡಿ. ಐದಾರು ವರ್ಷದ ಮಕ್ಕಳು ನೋಡಿದ್ದನ್ನು ಮಾಡುತ್ತಾರೆ, ಅಡ್ಡಗೆರೆಯ ಅರ್ಥ ಅವರಿಗೆ ಅಷ್ಟಾಗಿ ತಲುಪುವುದಿಲ್ಲ. ಹೆದರಿಸಿದರೆ ಇನ್ನೊಂದು ತೊಂದರೆ ಇದೆ. ಚಿಕ್ಕ ಮಕ್ಕಳು ಬೆಂಕಿಗೆ ಹೆದರಿದಾಗ ಹೊರಗೆ ಹೋಗುವ ಬದಲು ಬೆಂಚಿನ ಕೆಳಗೋ ಟಾಯ್ಲೆಟ್‌ನಲ್ಲೋ ಅಡಗಿ ಕೂರಬಹುದು. ಹೊಗೆಯಲ್ಲಿ ಅವರನ್ನು ಹುಡುಕುವ ಕಷ್ಟ ಅಗ್ನಿಶಾಮಕದವರಾದ ನಮಗೆ ಗೊತ್ತು.

ಇಲ್ಲಿನ ಒಂದು ಕನ್ನಡ ಶಾಲೆಗೆ, ಒಂದನೇ ಎರಡನೇ ತರಗತಿಗೆಂದು ನಾನು ಬರೆದದ್ದು ಹೀಗಿತ್ತು. ಶಾಲೆಯದೇ ಗಂಟೆ ಬಾರಿಸುತ್ತದೆ, ಸಿನಿಮಾ ಸೈರನ್ ಅಲ್ಲ, ಯಾಕೆಂದರೆ ನಿಜವಾದ ದಿನ ಅವರ ಕಿವಿಗೆ ಬೀಳುವುದು ಅದೇ ಸದ್ದು ಅಲ್ವಾ. ಒಂದು ಹುಡುಗಿ ಬಣ್ಣ ಹಚ್ಚುತ್ತಿದ್ದಾಳೆ. ಕ್ರೇಯಾನ್ ಕೆಳಗಿಡುತ್ತಾಳೆ. ವಾಟರ್ ಬಾಟಲ್ ಕಡೆ ಒಮ್ಮೆ ನೋಡುತ್ತಾಳೆ, ಮುಟ್ಟುವುದಿಲ್ಲ, ಎದ್ದು ಸಾಲಿಗೆ ಹೋಗುತ್ತಾಳೆ. ಕ್ಯಾಮೆರಾ ಬೆಂಚಿನ ಮೇಲೆ ಉಳಿದ ಬಾಟಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಕ್ಕಳು ವಾಪಸ್ ಓಡುವುದು ಜಾಸ್ತಿ ಬಾಟಲ್ ಮತ್ತು ಬ್ಯಾಗಿಗೇ, ಅದಕ್ಕೇ ಈ ಒಂದು ಶಾಟ್‌ಗೆ ನಾನು ಹಟ ಹಿಡಿಯುತ್ತೇನೆ.

ಆಮೇಲೆ ಟೀಚರ್ ಹಾಜರಿ ಪುಸ್ತಕ ತೆಗೆದುಕೊಳ್ಳುತ್ತಾರೆ. ಸಾಲು ನಡೆಯುತ್ತದೆ, ಓಡುವುದಿಲ್ಲ. ಲಿಫ್ಟ್ ತೋರಿಸುವುದೇ ಇಲ್ಲ, ಅವರದೇ ಮೆಟ್ಟಿಲು, ಒಂದು ಕೈ ಕಂಬಿಯ ಮೇಲೆ. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲಿರಲಿ. ಟಾಯ್ಲೆಟ್‌ನಲ್ಲಿದ್ದ ಒಬ್ಬ ಹುಡುಗ ಹೊರಬಂದು ತನ್ನ ಕ್ಲಾಸಿಗೆ ಹೋಗದೆ, ಎದುರಿಗೆ ಸಿಕ್ಕ ಬೇರೆ ಟೀಚರ್ ಸಾಲಿಗೆ ಸೇರುತ್ತಾನೆ. ಹೊರಗೆ ಹೆಸರು ಕೂಗುವಾಗ ಆ ಟೀಚರ್ "ಇವನು ನನ್ನ ಹತ್ತಿರ ಇದ್ದಾನೆ" ಅಂತ ಕೈ ಎತ್ತುತ್ತಾರೆ.

"ಸರ್, ಬಟ್ಟೆಗೆ ಬೆಂಕಿ ಹತ್ತಿದರೆ ನೆಲದಲ್ಲಿ ಉರುಳುವುದನ್ನೂ ಸೇರಿಸೋಣ" ಅಂದರು ಅಲ್ಲಿನ ಟೀಚರ್. ಕಲಿಸಬೇಕಾದ್ದೇ, ಆದರೆ ಬೇರೆ ದಿನ, ಬೇರೆ ವಿಡಿಯೋದಲ್ಲಿ. ಒಂದರಲ್ಲೇ ಸೇರಿಸಿದರೆ ಗಂಟೆ ಕೇಳಿದ ಕೂಡಲೇ ಉರುಳುವ ಮಕ್ಕಳೂ ಸಿಗುತ್ತಾರೆ.

ಸೇರುವ ಜಾಗ ಮಾತ್ರ ನಾನು ಇಲ್ಲಿಂದ ಹೇಳಲಾರೆ, ಕಟ್ಟಡ ನೋಡಲೇಬೇಕು. ನಮ್ಮ ಊರಿನ ಶಾಲೆಗಳಿಗೆ ಅಂಗಳ ಚಿಕ್ಕದು, ಸುಮ್ನೆ ಗೇಟ್ ಹತ್ತಿರ ನಿಲ್ಲಿಸಿಬಿಡುತ್ತಾರೆ. ಫೈರ್ ಎಂಜಿನ್ ಬರುವುದೂ ಅದೇ ಗೇಟಿನಿಂದ. ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಲ್ಲುತ್ತದೆ ಅಂತಾದರೆ ಇನ್ನೊಂದು ಜಾಗ ಗೊತ್ತು ಮಾಡಿ, ಕೊನೆಯ ಶಾಟನ್ನು ಅಲ್ಲೂ ಒಮ್ಮೆ ತೆಗೆಯಿರಿ.