ಹಸಿ ಬೀಜ ಬಾಣಲೆಗೆ ಬಿದ್ದಾಗ

ಸಿಹಿಗುಂಬಳ ಹೆಚ್ಚಿದ ದಿನ ಬೀಜ ತೊಳೆದು ಹಾಗೇ ಬಾಣಲೆಗೆ ಹಾಕಿದ್ದೆ. ಹತ್ತು ನಿಮಿಷಕ್ಕೆ ಸಿಪ್ಪೆ ಅಲ್ಲಲ್ಲಿ ಕಪ್ಪಾಯಿತು. ಒಂದನ್ನು ಕಡಿದರೆ ಒಳಗಿನ ತಿರುಳು ಇನ್ನೂ ಮೆತ್ತಗೆ, ಹಸಿ ವಾಸನೆ. ಸಿಪ್ಪೆಯಂತೂ ಜಗಿದಷ್ಟೂ ನಾರು.

ಇದಕ್ಕೆಲ್ಲ ಕಾರಣ ನೀರು. ಬೀಜದೊಳಗೆ ನೀರು ಇರುವ ತನಕ ಒಲೆಯ ಬಿಸಿಯೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಹಾಗಾಗಿ ಒಳಗಡೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹುರಿದ ಘಮ ಮತ್ತು ಕಂದು ಬಣ್ಣ ಬರುವುದು ಬೀಜದ ಸಕ್ಕರೆ, ಪ್ರೋಟೀನ್ ಸೇರಿ ಬದಲಾದಾಗ. ಅದು ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಬಾಣಲೆಯ ತಳ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಅದಕ್ಕೇ ತಳಕ್ಕೆ ತಾಗಿದ ಸಿಪ್ಪೆ ಬೇಗ ಒಣಗಿ ಸುಡುತ್ತದೆ, ತಿರುಳು ಮಾತ್ರ ಸುಮ್ನೆ ಬೇಯುತ್ತಿರುತ್ತದೆ.

ಹಾಗಾಗಿ ಹುರಿಯುವ ಮೊದಲು ಒಣಗಿಸಬೇಕು. ಅದಕ್ಕೂ ಮೊದಲು ಉಪ್ಪಿನ ಕೆಲಸ. ಹುರಿದ ಮೇಲೆ ಉದುರಿಸಿದ ಉಪ್ಪು ನುಣುಪಾದ ಒಣ ಸಿಪ್ಪೆಗೆ ಅಂಟುವುದಿಲ್ಲ, ಡಬ್ಬಿಯ ತಳ ಸೇರುತ್ತದೆ, ಅಲ್ವಾ? ಒಂದು ಬಟ್ಟಲು ಬೀಜಕ್ಕೆ ಅರ್ಧ ಲೀಟರ್ ನೀರು, ಒಂದು ದೊಡ್ಡ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ. ಉಪ್ಪು ನೀರು ಸಿಪ್ಪೆಯೊಳಗೆ ಇಳಿದಿರುತ್ತದೆ. ಒಣಗುವಾಗ ನೀರು ಹಾರಿ ಉಪ್ಪು ಅಲ್ಲೇ ಉಳಿಯುತ್ತದೆ. ನಾರಿನಂಥ ಸಿಪ್ಪೆಯೂ ಸ್ವಲ್ಪ ಮೆದುವಾಗುತ್ತದೆ.

ಇನ್ನು ಒಣಗಿಸುವುದು. ಕಾಗದದ ಮೇಲೆ ಹರವಿದರೆ ಬೀಜದ ಲೋಳೆ ಅಂಟಿ ಕಿತ್ತು ಬರುವುದಿಲ್ಲ. ಸ್ಟೀಲ್ ತಟ್ಟೆ ಅಥವಾ ಮೊರ ವಾಸಿ. ಒಳ್ಳೆ ಬಿಸಿಲಿದ್ದರೆ ಒಂದೆರಡು ದಿನ ಸಾಕು. ಸಿಪ್ಪೆಯ ಮೇಲಿನ ತೆಳ್ಳನೆಯ ಪೊರೆ ಉಜ್ಜಿದರೆ ಗರಿಗರಿಯಾಗಿ ಉದುರಬೇಕು. ಬೀಜ ಬಗ್ಗಿಸಿದರೆ ಪಟ್ಟಂತ ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ ಎಂದರ್ಥ.

ಒಣಗಿದ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಒಂದೇ ಪದರವಾಗಿ ಹರವಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಆಡಿಸಿ. ಹತ್ತು ಹನ್ನೆರಡು ನಿಮಿಷ ಬೇಕಾಗುತ್ತದೆ. ಓವನ್ ಆದರೆ 150 ಡಿಗ್ರಿಯಲ್ಲಿ ಸುಮಾರು 20 ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ. ಕರ್ಬೂಜದ ಬೀಜ ಸಣ್ಣದು, ಸಿಪ್ಪೆಯೂ ತೆಳು. ಅದು ಬೇಗ ಆಗಿಬಿಡುತ್ತದೆ, ಹತ್ತಿರದಲ್ಲೇ ನಿಂತಿರಿ.

ಚಟಪಟ ಸದ್ದು ಬಂದರೆ ಆಯಿತು ಎಂದುಕೊಳ್ಳಬೇಡಿ. ಉಳಿದ ಆವಿ ಸಿಪ್ಪೆ ಸೀಳುವ ಸದ್ದು ಅದು. ಆಗಿನಿಂದ ಎರಡು ನಿಮಿಷಕ್ಕೊಂದು ಬೀಜ ಸುಲಿದು ತಿರುಳು ನೋಡಿ. ಅಂಚು ತಿಳಿ ಕಂದಾದ ಕೂಡಲೇ ತಣ್ಣನೆಯ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೆ ಹುರಿಯುತ್ತಲೇ ಇರುತ್ತದೆ. ತಿರುಳು ಪೂರ್ತಿ ಕಂದಾದರೆ ಕಹಿ. ಬಿಸಿಯಿದ್ದಾಗ ಮೆತ್ತಗೆನಿಸಿದರೆ ಮತ್ತೆ ಒಲೆಗಿಡಬೇಡಿ. ಆರಿದ ಮೇಲೆ ಒಂದನ್ನು ಕಡಿದು ನೋಡಿ, ಕಟುಂ ಅನ್ನುತ್ತದೆ.